ಬುಧವಾರ ರಾತ್ರಿಯ ದಾಸ್ತಾನು ವರದಿ ಮತ್ತು ನಮ್ಮ ಚಾರ್ಟಿನ ಗೆರೆಗಳು

(ಕಮಾಡಿಟಿ ವಹಿವಾಟು ಮಾಡುವವರ ಎದುರು ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕ್ರೂಡ್ ಚಾರ್ಟ್ ನೋಡುವವರಿಗೆಲ್ಲ ಬುಧವಾರ ರಾತ್ರಿಯ ಅನುಭವ ಇದ್ದೇ ಇರುತ್ತದೆ. ಸಂಜೆಯವರೆಗೂ ಬೆಲೆ ನೀವು ಎಳೆದ ಗೆರೆಗೆ ಮರ್ಯಾದೆ ಕೊಡುತ್ತಿರುತ್ತದೆ. ಸಪೋರ್ಟ್ ಮುಟ್ಟಿ ಮೇಲೆ ಬರುತ್ತದೆ, ರೆಸಿಸ್ಟೆನ್ಸ್ ಮುಟ್ಟಿ ಕೆಳಗಿಳಿಯುತ್ತದೆ. ಎಂಟು ಗಂಟೆ ಹೊಡೆದು ಅಮೆರಿಕದ ತೈಲ ದಾಸ್ತಾನಿನ ವರದಿ ಬಂದ ತಕ್ಷಣ ಒಂದೇ ಕ್ಯಾಂಡಲ್ ಎರಡೂ ಗೆರೆಗಳನ್ನು ದಾಟಿಬಿಡುತ್ತದೆ. ಕೆಳಗಿದ್ದ ಸ್ಟಾಪ್ ಲಾಸ್ ಹೋಯಿತು, ಮೇಲಿದ್ದ ಸ್ಟಾಪ್ ಲಾಸೂ ಹೋಯಿತು. ಒಂಬತ್ತು ಗಂಟೆಗೆ ನೋಡಿದರೆ ಬೆಲೆ ಮೊದಲಿದ್ದ ಜಾಗದಲ್ಲೇ ಇರುತ್ತದೆ.

ಇದನ್ನು ಕಂಡು ಕೆಲವರು ‘ಟೆಕ್ನಿಕಲ್ ಅನಾಲಿಸಿಸ್ ಎಲ್ಲ ಸುಳ್ಳು’ ಎನ್ನುತ್ತಾರೆ. ಇನ್ನು ಕೆಲವರು ‘ದೊಡ್ಡವರು ಬೇಕಂತಲೇ ನಮ್ಮ ಸ್ಟಾಪ್ ಹೊಡೆದರು’ ಎನ್ನುತ್ತಾರೆ. ಈ ಎರಡು ಮಾತನ್ನೂ ನಾನು ಒಪ್ಪುವುದಿಲ್ಲ. ಆಗ ನಡೆಯುವುದು ಬೇರೆಯೇ. ಅದನ್ನು ತಿಳಿದುಕೊಂಡರೆ ಯಾವ ಗೆರೆಯನ್ನು ಯಾವಾಗ ನಂಬಬೇಕು ಎನ್ನುವುದು ಗೊತ್ತಾಗುತ್ತದೆ.

ಲೆವೆಲ್ ಅಂದರೆ ಏನು ಅನ್ನುವುದರಿಂದಲೇ ಶುರು ಮಾಡೋಣ. 60 ಡಾಲರ್‌ನಲ್ಲಿ ಸಪೋರ್ಟ್ ಇದೆ ಅಂದರೆ, ಆ ಬೆಲೆಯ ಸುತ್ತ ಕೊಳ್ಳುವವರ ಆರ್ಡರ್‌ಗಳು ಕೂತಿವೆ ಎಂದರ್ಥ. ಅವರು ಅಲ್ಲಿ ಕೊಳ್ಳಲು ಸಿದ್ಧರಿರುವುದು ಇವತ್ತಿಗೆ ಗೊತ್ತಿರುವ ಮಾಹಿತಿಯ ಮೇಲೆ. ಹೊಸ ಮಾಹಿತಿ ಬರುವ ಗಳಿಗೆಗೆ ಸ್ವಲ್ಪ ಮುಂಚೆ ಅವರಲ್ಲಿ ಬಹಳ ಜನ ಆರ್ಡರ್ ವಾಪಸ್ ತೆಗೆದುಕೊಳ್ಳುತ್ತಾರೆ. ಗೊತ್ತಿಲ್ಲದ ಅಂಕಿಯ ಎದುರು ದೊಡ್ಡ ಆರ್ಡರ್ ಇಟ್ಟು ಯಾರೂ ಕೂರುವುದಿಲ್ಲ, ಅಲ್ವಾ? ಗೆರೆ ನಿಮ್ಮ ಪರದೆಯ ಮೇಲೆ ಹಾಗೇ ಇರುತ್ತದೆ, ಆದರೆ ಅದರ ಹಿಂದಿದ್ದ ಆರ್ಡರ್‌ಗಳು ಇರುವುದಿಲ್ಲ. ಉಳಿದಿರುವುದು ನಮ್ಮಂಥವರ ಸ್ಟಾಪ್ ಲಾಸ್‌ಗಳು ಮಾತ್ರ. ಆಗ ಸಣ್ಣ ಆರ್ಡರ್ ಕೂಡ ಬೆಲೆಯನ್ನು ದೂರ ತಳ್ಳುತ್ತದೆ.

ಆ ಮಾಹಿತಿ ಬರುವುದು ಅಮೆರಿಕದ ಇಂಧನ ಮಾಹಿತಿ ಸಂಸ್ಥೆಯಿಂದ. ನಾವೆಲ್ಲ ಇಐಎ ಎನ್ನುತ್ತೇವೆ. ಹಿಂದಿನ ಶುಕ್ರವಾರಕ್ಕೆ ಮುಗಿದ ವಾರದ ದಾಸ್ತಾನಿನ ಲೆಕ್ಕವನ್ನು ಅವರು ಬುಧವಾರ ಬೆಳಿಗ್ಗೆ ಹತ್ತೂವರೆಗೆ ಬಿಡುಗಡೆ ಮಾಡುತ್ತಾರೆ. ನಮಗೆ ಅದು ರಾತ್ರಿ ಎಂಟು ಗಂಟೆ. ಚಳಿಗಾಲದಲ್ಲಿ ಅವರು ಗಡಿಯಾರ ಹಿಂದಿಡುವುದರಿಂದ ಒಂಬತ್ತು ಗಂಟೆ. ಇದಕ್ಕೂ ಮುಂಚೆ ಅಲ್ಲಿನ ತೈಲ ಕಂಪನಿಗಳ ಸಂಘ, ಅಂದರೆ ಎಪಿಐ, ತನ್ನದೊಂದು ಅಂದಾಜು ಕೊಡುತ್ತದೆ. ಅದು ಬರುವಾಗ ನಮ್ಮಲ್ಲಿ ನಡುರಾತ್ರಿ ಕಳೆದು ಎರಡೋ ಮೂರೋ ಗಂಟೆ ಆಗಿರುತ್ತದೆ. ಎಂಸಿಎಕ್ಸ್ ಮುಚ್ಚಿರುತ್ತದೆ. ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಕ್ರೂಡ್ ಗ್ಯಾಪ್ ಕೊಟ್ಟು ತೆರೆಯಲು ಎಷ್ಟೋ ಸಲ ಇದೇ ಕಾರಣ.

ಇನ್ನು ವರದಿಯನ್ನು ಓದುವ ವಿಷಯ. ನಮ್ಮಲ್ಲಿ ಹೆಚ್ಚಿನವರು ನೋಡುವುದು ಒಂದೇ ಅಂಕಿ. ದಾಸ್ತಾನು ಹೆಚ್ಚಾಯಿತು, ಹಾಗಾದರೆ ಮಾರು. ಕಡಿಮೆಯಾಯಿತು, ಕೊಳ್ಳು. ಇದು ಎಷ್ಟು ಅಪಾಯ ಎನ್ನುವುದಕ್ಕೆ 2021ರ ಮಾರ್ಚ್ 3ರ ವರದಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಅದನ್ನು ನಿಧಾನವಾಗಿ ಬಿಡಿಸಿ ನೋಡೋಣ.

ಹಿಂದಿನ ದಿನ, ಮಾರ್ಚ್ 2ರಂದು, ಅಮೆರಿಕದ ಡಬ್ಲ್ಯೂಟಿಐ ಕ್ರೂಡ್ 59.75 ಡಾಲರ್‌ಗೆ ಮುಗಿದಿತ್ತು. ಎಲ್ಲರೂ ಕಣ್ಣಿಟ್ಟಿದ್ದ 60ರ ಗೆರೆ ಒಡೆದಿತ್ತು. ಚಾರ್ಟ್ ಮಾತ್ರ ನೋಡುವವರಿಗೆ ಇದು ಸಪೋರ್ಟ್ ಬಿದ್ದ ಸ್ಪಷ್ಟ ಚಿತ್ರ. ಮರುದಿನದ ವರದಿಯಲ್ಲಿ ದಾಸ್ತಾನು ಹತ್ತು ಲಕ್ಷ ಬ್ಯಾರೆಲ್ ಆಸುಪಾಸು ಇಳಿಯಬಹುದು ಎಂದು ವಿಶ್ಲೇಷಕರು ಅಂದಾಜು ಮಾಡಿದ್ದರು. ಬಂದ ಅಂಕಿ ಏನು ಗೊತ್ತಾ? 2 ಕೋಟಿ 16 ಲಕ್ಷ ಬ್ಯಾರೆಲ್ ಏರಿಕೆ! ಅಲ್ಲಿಯವರೆಗೆ ಒಂದು ವಾರದಲ್ಲಿ ಅಷ್ಟು ಏರಿಕೆ ದಾಖಲಾಗಿರಲೇ ಇಲ್ಲ. 60 ಒಡೆದಿದೆ, ಮೇಲೆ ದಾಖಲೆಯ ದಾಸ್ತಾನು. ಶಾರ್ಟ್ ಮಾಡಲು ಇದಕ್ಕಿಂತ ಕಾರಣ ಬೇಕೆ ಎಂದು ಯಾರಿಗಾದರೂ ಅನ್ನಿಸುವಂಥದ್ದೇ.

ಆ ದಿನ ಕ್ರೂಡ್ 61.28ಕ್ಕೆ ಮುಗಿಯಿತು. ಒಂದೂವರೆ ಡಾಲರ್ ಮೇಲೆ. ಅದರ ಮರುದಿನ 63.83.

ಯಾಕೆ ಹೀಗಾಯಿತು? ವರದಿಯ ಉಳಿದ ಸಾಲುಗಳಲ್ಲಿ ಉತ್ತರ ಇತ್ತು. ಅದೇ ಫೆಬ್ರವರಿಯ ಮಧ್ಯದಲ್ಲಿ ಟೆಕ್ಸಾಸ್‌ನಲ್ಲಿ ಭಾರೀ ಹಿಮಗಾಳಿ ಬಂದು ವಿದ್ಯುತ್ ಹೋಗಿ, ಪೈಪುಗಳು ಹೆಪ್ಪುಗಟ್ಟಿ, ಸಮುದ್ರ ತೀರದ ರಿಫೈನರಿಗಳು ನಿಂತುಹೋಗಿದ್ದವು. ಅಮೆರಿಕದ ರಿಫೈನರಿಗಳು ತಮ್ಮ ಸಾಮರ್ಥ್ಯದ ಶೇ 83ರಷ್ಟು ಓಡುತ್ತಿದ್ದದ್ದು ಎರಡೇ ವಾರದಲ್ಲಿ ಶೇ 56ಕ್ಕೆ ಇಳಿದಿತ್ತು. ಕೊನೆಯ ಒಂದೇ ವಾರದಲ್ಲಿ ಅವು ಬಳಸುವ ಕ್ರೂಡ್ ದಿನಕ್ಕೆ 23 ಲಕ್ಷ ಬ್ಯಾರೆಲ್ ಕಡಿಮೆಯಾಯಿತು. ಏಳು ದಿನಕ್ಕೆ ಗುಣಿಸಿ. ಹತ್ತಿರ ಹತ್ತಿರ 1 ಕೋಟಿ 60 ಲಕ್ಷ ಬ್ಯಾರೆಲ್. ಅಂದರೆ ಆ ದಾಖಲೆಯ ಏರಿಕೆಯಲ್ಲಿ ಮುಕ್ಕಾಲು ಪಾಲು, ರಿಫೈನರಿ ಬಾಗಿಲ ಹೊರಗೆ ಕಾಯುತ್ತಿದ್ದ ತೈಲ. ಜಗತ್ತಿಗೆ ತೈಲ ಬೇಡವಾಗಿ ಉಳಿದದ್ದಲ್ಲ ಅದು.

ಅದೇ ವಾರ ಪೆಟ್ರೋಲ್ ದಾಸ್ತಾನು 1 ಕೋಟಿ 36 ಲಕ್ಷ ಬ್ಯಾರೆಲ್ ಇಳಿದಿತ್ತು. ಡೀಸೆಲ್ ಮತ್ತು ಬಿಸಿಯೂಡುವ ಎಣ್ಣೆ ಸೇರಿ 97 ಲಕ್ಷ ಇಳಿದಿತ್ತು. ಎರಡನ್ನೂ ಕೂಡಿಸಿದರೆ 2 ಕೋಟಿ 33 ಲಕ್ಷ. ಕ್ರೂಡ್ ಎಷ್ಟು ಹೆಚ್ಚಾಯಿತೋ ಅದಕ್ಕಿಂತ ಜಾಸ್ತಿ ಸಿದ್ಧ ಇಂಧನ ಖಾಲಿಯಾಗಿತ್ತು. ರಿಫೈನರಿಗಳು ಮತ್ತೆ ಶುರುವಾದಾಗ ಈ ಕೊರತೆ ತುಂಬಲು ಹೊರಗೆ ಕಾಯುತ್ತಿರುವ ಕ್ರೂಡೇ ಬೇಕು. ಜೊತೆಗೆ ಮರುದಿನ ಒಪೆಕ್ ಪ್ಲಸ್ ದೇಶಗಳ ಸಭೆ ಇತ್ತು, ಅವರು ಉತ್ಪಾದನೆ ಹೆಚ್ಚಿಸಲಿಕ್ಕಿಲ್ಲ ಎಂಬ ಸುದ್ದಿ ಹರಡಿತ್ತು. ಬೆಲೆ ಏರಿದ್ದು ವರದಿಯೊಂದರಿಂದಲೇ ಎಂದು ನಾನು ಹೇಳುವುದಿಲ್ಲ. ಆದರೆ ಅಷ್ಟು ದೊಡ್ಡ ಏರಿಕೆಯ ಅಂಕಿ ಬಂದರೂ ಬೆಲೆ ಬೀಳಲಿಲ್ಲವಲ್ಲ, ಅದಕ್ಕೆ ಕಾರಣ ವರದಿಯ ಒಳಗೇ ಇತ್ತು.

ನಮ್ಮ ರೂಪಾಯಿ ಲೆಕ್ಕಕ್ಕೆ ತನ್ನಿ. ಆಗ ಡಾಲರ್ ಸುಮಾರು 73 ರೂಪಾಯಿ. 59.75ರಲ್ಲಿ ಒಂದು ಲಾಟ್, ಅಂದರೆ 100 ಬ್ಯಾರೆಲ್, ಶಾರ್ಟ್ ಮಾಡಿದವರಿಗೆ ಮೊದಲ ದಿನ ಸುಮಾರು 11,000 ರೂಪಾಯಿ ನಷ್ಟ. ಹಟ ಹಿಡಿದು ಕೂತವರಿಗೆ ಎರಡನೇ ದಿನದ ಕೊನೆಗೆ ಸುಮಾರು 30,000. ಲೆವೆಲ್ ಒಡೆದದ್ದು ನಿಜ, ವರದಿಯ ಅಂಕಿಯೂ ನಿಜ, ಆದರೂ ವಹಿವಾಟು ತಪ್ಪು.

ಅದಕ್ಕೇ ನಾನು ಮೂರು ಸಾಲುಗಳನ್ನು ಒಟ್ಟಿಗೆ ನೋಡಿ ಎನ್ನುತ್ತೇನೆ. ಕ್ರೂಡ್ ಎಷ್ಟು ಬದಲಾಯಿತು, ಸಿದ್ಧ ಇಂಧನ ಎಷ್ಟು ಬದಲಾಯಿತು, ರಿಫೈನರಿ ಎಷ್ಟು ಓಡಿತು. ಮೂರೂ ಒಂದೇ ಕಡೆ ಕೈ ತೋರಿಸಿದರೆ ಲೆವೆಲ್ ಒಡೆಯುವ ಮಾತಿಗೆ ಬಲ ಇದೆ. ಕ್ರೂಡ್ ಒಂದು ಕಡೆ, ಪೆಟ್ರೋಲ್ ಇನ್ನೊಂದು ಕಡೆ ಹೋದರೆ ಮೊದಲ ಕ್ಯಾಂಡಲನ್ನು ನಂಬಬೇಡಿ. ಯಂತ್ರಗಳು ಮೊದಲ ಸಾಲಿಗೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಆರ್ಡರ್ ಹಾಕಿರುತ್ತವೆ. ಉಳಿದ ಸಾಲುಗಳು ಬೆಲೆಯಲ್ಲಿ ಸೇರಲು ಹತ್ತು ನಿಮಿಷವೋ, ಒಂದು ಗಂಟೆಯೋ ಬೇಕಾಗುತ್ತದೆ.

ನಾಲ್ಕನೆಯ ಸಾಲೊಂದು ಇದೆ, ಎಲ್ಲ ವಾರವೂ ಮುಖ್ಯವಲ್ಲ, ಆದರೆ ಮುಖ್ಯವಾದಾಗ ಬೇರೆಲ್ಲವನ್ನೂ ಮೀರುತ್ತದೆ. ಒಕ್ಲಹೋಮಾದ ಕುಶಿಂಗ್ ಎಂಬ ಊರಿನ ದಾಸ್ತಾನು. ಡಬ್ಲ್ಯೂಟಿಐ ಫ್ಯೂಚರ್ಸ್ ಒಪ್ಪಂದ ಮುಗಿದಾಗ ತೈಲವನ್ನು ಕೈಗೆ ಕೊಡುವ ಜಾಗ ಅದು. 2020ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ಜಗತ್ತಿನ ವಾಹನಗಳೆಲ್ಲ ನಿಂತಾಗ ಕುಶಿಂಗ್‌ನ ಟ್ಯಾಂಕುಗಳು ತುಂಬುತ್ತಾ ಬಂದವು. ಏಪ್ರಿಲ್ 15ರ ವರದಿಯಲ್ಲಿ ಅಲ್ಲಿ ಸುಮಾರು ಐದೂವರೆ ಕೋಟಿ ಬ್ಯಾರೆಲ್ ಇತ್ತು, ಒಂದೇ ವಾರದಲ್ಲಿ 57 ಲಕ್ಷ ಏರಿತ್ತು. ಬಳಸಬಹುದಾದ ಜಾಗ ಒಟ್ಟು ಏಳೂವರೆ ಕೋಟಿಯಷ್ಟು. ಉಳಿದದ್ದನ್ನು ಆಗಲೇ ಬೇರೆಯವರು ಬಾಡಿಗೆಗೆ ಹಿಡಿದಿಟ್ಟಿದ್ದರು. ಮೇ ತಿಂಗಳ ಒಪ್ಪಂದ ಕೈಯಲ್ಲಿದ್ದವರಿಗೆ ತೈಲ ಇಳಿಸಿಕೊಳ್ಳಲು ಜಾಗವೇ ಇಲ್ಲ. ಏಪ್ರಿಲ್ 20ರಂದು ಆ ಒಪ್ಪಂದ ಸೊನ್ನೆಯನ್ನೂ ದಾಟಿ ಮೈನಸ್ 37.63 ಡಾಲರ್‌ಗೆ ಮುಗಿಯಿತು. ಸೊನ್ನೆಗಿಂತ ಗಟ್ಟಿಯಾದ ಸಪೋರ್ಟ್ ಇಲ್ಲ ಎಂದುಕೊಂಡಿದ್ದ ಎಲ್ಲರ ಲೆಕ್ಕ ಅವತ್ತು ತಲೆಕೆಳಗಾಯಿತು.

ನಮ್ಮಲ್ಲಿ ಅದರ ಪೆಟ್ಟು ಇನ್ನೂ ಜೋರಾಗಿತ್ತು. ಲಾಕ್‌ಡೌನ್ ಕಾರಣ ಎಂಸಿಎಕ್ಸ್ ಸಂಜೆ ಐದಕ್ಕೇ ಮುಚ್ಚುತ್ತಿತ್ತು. ಆ ದಿನ ಐದು ಗಂಟೆಗೆ ಕ್ರೂಡ್ ಸುಮಾರು 965 ರೂಪಾಯಿ. ಅಂತಿಮ ಲೆಕ್ಕ ಮಾಡಿದ್ದು ಅಮೆರಿಕದ ಬೆಲೆಯ ಮೇಲೆ, ಮೈನಸ್ 2,884 ರೂಪಾಯಿಗೆ. 965ಕ್ಕೆ ‘ಇನ್ನೆಷ್ಟು ಬೀಳುತ್ತೆ’ ಎಂದು ಒಂದು ಲಾಟ್ ಕೊಂಡವರಿಗೆ 3,84,900 ರೂಪಾಯಿ ಹೋಯಿತು. ಅದು ಬೀಳುವಾಗ ಇಲ್ಲಿ ಮಾರಲು ಮಾರುಕಟ್ಟೆಯೇ ತೆರೆದಿರಲಿಲ್ಲ. ಅದೇ ಸಮಯದಲ್ಲಿ ಜೂನ್ ಒಪ್ಪಂದ 20 ಡಾಲರ್ ಮೇಲಿತ್ತು ಎನ್ನುವುದನ್ನು ಗಮನಿಸಿ. ಕುಸಿದದ್ದು ಜಾಗ ಸಿಗದ ಆ ಒಂದು ತಿಂಗಳ ಒಪ್ಪಂದ. ನೀವು ನಿರಂತರ ಚಾರ್ಟ್ ಇಟ್ಟುಕೊಂಡು ಹಳೆಯ ಲೆವೆಲ್ ಎಳೆಯುವಾಗ, ಅಲ್ಲಿ ಕಾಣುವ ಎಷ್ಟೋ ಜಿಗಿತಗಳು ಒಪ್ಪಂದ ಬದಲಾದ ಜಿಗಿತಗಳು. ಆ ನಡುವಿನ ಬೆಲೆಯಲ್ಲಿ ಯಾರೂ ಕೊಂಡೂ ಇಲ್ಲ, ಮಾರಿಯೂ ಇಲ್ಲ. ಅಲ್ಲಿ ಗೆರೆ ಎಳೆದರೆ ಅದರ ಹಿಂದೆ ಯಾರೂ ಇರುವುದಿಲ್ಲ.

ಇದರಿಂದಲೇ ಒಂದು ಪರೀಕ್ಷೆ ಸಿಗುತ್ತದೆ. ವರದಿಯ ನಂತರ ಲೆವೆಲ್ ಒಡೆದಾಗ ಈ ತಿಂಗಳ ಒಪ್ಪಂದ ಮತ್ತು ಮುಂದಿನ ತಿಂಗಳ ಒಪ್ಪಂದದ ನಡುವಿನ ಅಂತರ ನೋಡಿ. ದಾಸ್ತಾನಿನ ಕೊರತೆ ನಿಜವಾದರೆ ತೈಲ ಈಗಲೇ ಬೇಕು, ಆದ್ದರಿಂದ ಹತ್ತಿರದ ತಿಂಗಳು ದೂರದ ತಿಂಗಳಿಗಿಂತ ಜಾಸ್ತಿ ಏರುತ್ತದೆ. ಎರಡೂ ಒಂದೇ ಅಳತೆಯಲ್ಲಿ ಏರಿದರೆ ಚಲನೆ ಡಾಲರಿನಿಂದಲೋ, ಯುದ್ಧದ ಭಯದಿಂದಲೋ, ಬರೀ ಸ್ಟಾಪ್ ಲಾಸ್‌ಗಳಿಂದಲೋ ಬಂದಿರಬಹುದು. ಅಂತರ ಬದಲಾಗದೆ ಒಡೆದ ಲೆವೆಲ್ ವಾಪಸ್ ಬರುವ ಸಾಧ್ಯತೆ ಹೆಚ್ಚು. ಇದನ್ನು ಅಮೆರಿಕದ ಒಪ್ಪಂದಗಳಲ್ಲೇ ನೋಡಿ. ನಮ್ಮಲ್ಲಿ ಮುಂದಿನ ತಿಂಗಳ ಒಪ್ಪಂದದಲ್ಲಿ ವಹಿವಾಟು ತೆಳು.

ಋತುಮಾನದ ಕಡೆ ಬರೋಣ. ಅಮೆರಿಕದಲ್ಲಿ ಮೇ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಜನ ಕಾರು ಜಾಸ್ತಿ ಓಡಿಸುತ್ತಾರೆ. ರಿಫೈನರಿಗಳು ಆಗ ಪೂರ್ತಿ ಓಡುತ್ತವೆ, ಕ್ರೂಡ್ ದಾಸ್ತಾನು ಇಳಿಯುತ್ತದೆ. ಅದಕ್ಕೂ ಮುಂಚೆ ಫೆಬ್ರವರಿ, ಮಾರ್ಚ್‌ನಲ್ಲಿ ಮತ್ತು ಆಮೇಲೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ರಿಪೇರಿಗೆ ನಿಲ್ಲಿಸುತ್ತಾರೆ. ಆಗ ಕ್ರೂಡ್ ಏರುವುದು ಸಹಜ. ಹಾಗಾಗಿ ಮಾರ್ಚ್‌ನಲ್ಲಿ 40 ಲಕ್ಷ ಬ್ಯಾರೆಲ್ ಏರಿಕೆ ಬಂದರೆ ಅದು ಸುದ್ದಿಯೇ ಅಲ್ಲ. ಜುಲೈನಲ್ಲಿ ಅದೇ 40 ಲಕ್ಷ ಏರಿದರೆ ಎಲ್ಲೋ ಏನೋ ಕೆಟ್ಟಿದೆ. ಮಾರುಕಟ್ಟೆ ಅಲುಗಾಡುವುದು ನಿರೀಕ್ಷೆಗೂ ಬಂದ ಅಂಕಿಗೂ ಇರುವ ವ್ಯತ್ಯಾಸಕ್ಕೆ. ಆ ನಿರೀಕ್ಷೆಯಲ್ಲಿ ಋತು ಆಗಲೇ ಸೇರಿರುತ್ತದೆ. ‘ಬೇಸಿಗೆ ಬಂತು, ಕ್ರೂಡ್ ಏರಲೇಬೇಕು’ ಎಂದು ಕೊಳ್ಳುವವರು ಎಲ್ಲರಿಗೂ ಗೊತ್ತಿರುವುದಕ್ಕೆ ದುಡ್ಡು ಕೊಡುತ್ತಿದ್ದಾರೆ.

ಇಐಎ ವರದಿಯಲ್ಲೇ ಒಂದು ಸಾಲು ಇರುತ್ತದೆ: ವರ್ಷದ ಈ ಸಮಯಕ್ಕೆ ಐದು ವರ್ಷದ ಸರಾಸರಿಗಿಂತ ದಾಸ್ತಾನು ಶೇಕಡ ಎಷ್ಟು ಮೇಲೆ ಅಥವಾ ಕೆಳಗೆ ಇದೆ ಅಂತ. ವಾರದ ಏರಿಳಿತಕ್ಕಿಂತ ಆ ಸಾಲು ನನಗೆ ಹೆಚ್ಚು ಉಪಯೋಗ. ದಾಸ್ತಾನು ಸರಾಸರಿಗಿಂತ ಬಹಳ ಕೆಳಗಿದ್ದಾಗ ಸಪೋರ್ಟ್‌ಗಳು ನಿಲ್ಲುತ್ತವೆ, ರೆಸಿಸ್ಟೆನ್ಸ್‌ಗಳು ಸುಲಭವಾಗಿ ಒಡೆಯುತ್ತವೆ. ಬಹಳ ಮೇಲಿದ್ದಾಗ ಇದು ತಿರುಗುಮುರುಗು. ಒಂದು ಎಚ್ಚರಿಕೆ ಇದೆ. ಸರಾಸರಿಯೊಳಗೆ 2020ರಂಥ ವರ್ಷ ಸೇರಿದ್ದರೆ ಸರಾಸರಿಯೇ ಉಬ್ಬಿರುತ್ತದೆ. ಆಗ ‘ಸರಾಸರಿಗಿಂತ ಕಡಿಮೆ’ ಎನ್ನುವುದು ಇರುವುದಕ್ಕಿಂತ ದೊಡ್ಡ ಕೊರತೆಯಾಗಿ ಕಾಣುತ್ತದೆ.

ಈಗ ಚಿನ್ನ. ಕ್ರೂಡ್‌ನಲ್ಲಿ ಕಲಿತ ಈ ಓದನ್ನು ಹಾಗೇ ಚಿನ್ನಕ್ಕೆ ತಂದರೆ ಎಡವುತ್ತೇವೆ. ಕ್ರೂಡ್ ಸುಟ್ಟು ಮುಗಿದುಹೋಗುವ ವಸ್ತು. ಅಮೆರಿಕದ ರಿಫೈನರಿಗಳು ದಿನಕ್ಕೆ ಸುಮಾರು 1 ಕೋಟಿ 60 ಲಕ್ಷ ಬ್ಯಾರೆಲ್ ಬಳಸುತ್ತವೆ. ಅಲ್ಲಿನ ಕಂಪನಿಗಳ ಟ್ಯಾಂಕಿನಲ್ಲಿರುವುದು ನಾಲ್ಕು ವಾರಕ್ಕೂ ಸಾಲದು. ಅದಕ್ಕೇ ಒಂದು ವಾರದ ಲೆಕ್ಕವೂ ಬೆಲೆಯನ್ನು ಅಲ್ಲಾಡಿಸುತ್ತದೆ. ಚಿನ್ನ ಖರ್ಚಾಗುವುದಿಲ್ಲ. ಇಷ್ಟು ವರ್ಷಗಳಲ್ಲಿ ತೆಗೆದದ್ದು ಎರಡು ಲಕ್ಷ ಟನ್‌ಗೂ ಹೆಚ್ಚು, ಬಹುತೇಕ ಎಲ್ಲವೂ ಎಲ್ಲೋ ಒಂದು ಕಡೆ ಇದೆ. ಬ್ಯಾಂಕಿನ ತಿಜೋರಿಯಲ್ಲಿ, ನಮ್ಮ ಮನೆಗಳ ಬೀರುವಿನಲ್ಲಿ. ಗಣಿಗಳಿಂದ ವರ್ಷಕ್ಕೆ ಬರುವುದು ಸುಮಾರು 3,600 ಟನ್. ಇದ್ದದ್ದರ ಎದುರು ಬರುವುದು ಶೇ 2ಕ್ಕೂ ಕಡಿಮೆ. ಇಲ್ಲಿ ವಾರದ ದಾಸ್ತಾನು ವರದಿಗೆ ಅರ್ಥವೇ ಇಲ್ಲ.

ದಾಸ್ತಾನಿನ ಅಂಕಿ ಇಲ್ಲವೆಂದಲ್ಲ. ನ್ಯೂಯಾರ್ಕಿನ ಕಾಮೆಕ್ಸ್ ಉಗ್ರಾಣಗಳ ಲೆಕ್ಕ ದಿನವೂ ಬರುತ್ತದೆ. 2025ರ ಮೊದಲ ತಿಂಗಳುಗಳಲ್ಲಿ ಅದು ಎರಡು ಪಟ್ಟಿಗೂ ಹೆಚ್ಚಾಯಿತು. ಅಮೆರಿಕ ಆಮದು ಸುಂಕ ಹಾಕಬಹುದೆಂಬ ಭಯಕ್ಕೆ ಲಂಡನ್ನಿನಿಂದ, ಸ್ವಿಟ್ಜರ್ಲೆಂಡಿನಿಂದ ಚಿನ್ನವನ್ನು ಅಲ್ಲಿಗೆ ಸಾಗಿಸಿದರು. ಕ್ರೂಡ್ ಕಣ್ಣಿನಿಂದ ನೋಡಿದರೆ ದಾಸ್ತಾನು ಏರಿದೆ, ಬೆಲೆ ಬೀಳಬೇಕು. ಬೆಲೆ ಆ ತಿಂಗಳುಗಳಲ್ಲಿ ಏರುತ್ತಲೇ ಹೋಯಿತು. ಒಂದು ಉಗ್ರಾಣದಿಂದ ಇನ್ನೊಂದಕ್ಕೆ ಹೋದ ಚಿನ್ನದಿಂದ ಜಗತ್ತಿನ ಚಿನ್ನ ಒಂದು ಗ್ರಾಂ ಕೂಡ ಹೆಚ್ಚಾಗಿರಲಿಲ್ಲ.

ಹಾಗಾದರೆ ನಮ್ಮ ಮದುವೆ ಸೀಸನ್, ಅಕ್ಷಯ ತೃತೀಯ, ಧನ್‌ತೇರಸ್ ಎಲ್ಲಿ ಕಾಣುತ್ತದೆ? ಚಾರ್ಟಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಲಂಡನ್, ನ್ಯೂಯಾರ್ಕಿನ ಬೆಲೆಯನ್ನು ಅಲುಗಿಸುವುದು ಅಮೆರಿಕದ ಬಡ್ಡಿ, ಡಾಲರ್, ಕೇಂದ್ರ ಬ್ಯಾಂಕುಗಳ ಖರೀದಿ. ನಮ್ಮ ಬೇಡಿಕೆ ಕಾಣುವುದು ಸಗಟು ವ್ಯಾಪಾರಿಗಳ ಪ್ರೀಮಿಯಂ ಮತ್ತು ಡಿಸ್ಕೌಂಟ್‌ನಲ್ಲಿ. ಅಂದರೆ ಹೊರಗಿನ ಬೆಲೆಗೆ ಸುಂಕ ಸೇರಿಸಿದಾಗ ಬರುವ ಬೆಲೆಗಿಂತ ಇಲ್ಲಿನವರು ಎಷ್ಟು ಜಾಸ್ತಿ ಅಥವಾ ಕಡಿಮೆಗೆ ಮಾರುತ್ತಿದ್ದಾರೆ ಅನ್ನುವುದು. ಆಷಾಢದಲ್ಲಿ, ಪಿತೃಪಕ್ಷದಲ್ಲಿ, ಧನುರ್ಮಾಸದಲ್ಲಿ ಅದು ಸಾಮಾನ್ಯವಾಗಿ ಇಳಿಯುತ್ತದೆ. ಮುಹೂರ್ತಗಳು ಶುರುವಾದಾಗ ಏರುತ್ತದೆ. ಬೆಲೆ ಒಂದು ಸಪೋರ್ಟ್‌ಗೆ ಬಂದಾಗ ಡಿಸ್ಕೌಂಟ್ ಕರಗಿ ಪ್ರೀಮಿಯಂ ಆದರೆ, ಕೈಗೆ ಚಿನ್ನ ಬೇಕಾದವರು ಅಲ್ಲಿ ಕೊಳ್ಳುತ್ತಿದ್ದಾರೆ ಎಂದು ತಿಳಿಯಬಹುದು. ಲೆವೆಲ್‌ಗೆ ಅದೊಂದು ಸಾಕ್ಷಿ.

ಎಂಸಿಎಕ್ಸ್ ಚಿನ್ನದ ಗೆರೆಗಳನ್ನು ಋತುವಿಗಿಂತ ಜೋರಾಗಿ ಮುರಿಯುವುದು ಸುಂಕ. 2024ರ ಜುಲೈ 23ರ ಬಜೆಟ್‌ನಲ್ಲಿ ಆಮದು ಸುಂಕ ಶೇ 15ರಿಂದ ಶೇ 6ಕ್ಕೆ ಇಳಿಯಿತು. ಎಂಸಿಎಕ್ಸ್‌ನಲ್ಲಿ ಹತ್ತು ಗ್ರಾಂಗೆ ಒಂದೇ ದಿನ 4,000 ರೂಪಾಯಿ ಮುರಿದು ಬಿತ್ತು. ಡಾಲರ್ ಚಾರ್ಟಿನಲ್ಲಿ ಅಂಥದ್ದೇನೂ ನಡೆಯಲಿಲ್ಲ. ರೂಪಾಯಿ ಚಾರ್ಟಿನ ಹಳೆಯ ಸಪೋರ್ಟ್‌ಗಳೆಲ್ಲ ಒಂದೇ ಮಧ್ಯಾಹ್ನ ಅರ್ಥ ಕಳೆದುಕೊಂಡವು. ಆಮೇಲೆ ನಡೆದದ್ದು ನನಗೆ ಇನ್ನೂ ಮುಖ್ಯ. ಜುಲೈನಿಂದ ಸೆಪ್ಟೆಂಬರ್ ನಮ್ಮಲ್ಲಿ ಚಿನ್ನಕ್ಕೆ ಸಪ್ಪೆ ಕಾಲ. ಆ ವರ್ಷ ಅದೇ ಮೂರು ತಿಂಗಳಲ್ಲಿ ಭಾರತದ ಬೇಡಿಕೆ 248 ಟನ್, ಹಿಂದಿನ ವರ್ಷಕ್ಕಿಂತ ಶೇ 18 ಹೆಚ್ಚು ಎಂದು ವಿಶ್ವ ಚಿನ್ನ ಮಂಡಳಿ ಲೆಕ್ಕ ಕೊಟ್ಟಿತು. ಬೆಲೆ ಬಿದ್ದರೆ ಜನ ಮುಹೂರ್ತ ಕಾಯುವುದಿಲ್ಲ. ಹೀಗಾಗಿ ಎಂಸಿಎಕ್ಸ್‌ನಲ್ಲಿ ಚಿನ್ನದ ಲೆವೆಲ್ ಎಳೆಯುವವರು ಡಾಲರ್ ಚಾರ್ಟಿನಲ್ಲೂ ಅದೇ ಜಾಗದಲ್ಲಿ ಲೆವೆಲ್ ಇದೆಯಾ ಎಂದು ನೋಡಿಕೊಳ್ಳಲೇಬೇಕು.

ಪ್ರಶ್ನೆಗಳ ಸಮಯದಲ್ಲಿ ಒಬ್ಬ ಯುವಕ ಕೇಳಿದರು: ‘ಸರ್, ಬುಧವಾರ ಸ್ಟಾಪ್ ಲಾಸ್ ಎಷ್ಟು ದೂರ ಇಡಬೇಕು?’

ನಿಮ್ಮ ಚಾರ್ಟೇ ಹೇಳುತ್ತದೆ. ಹಿಂದಿನ ಹತ್ತು ಬುಧವಾರಗಳನ್ನು ತೆಗೆಯಿರಿ. ವರದಿ ಬಂದ ಮೊದಲ ಹದಿನೈದು ನಿಮಿಷದ ಕ್ಯಾಂಡಲ್‌ನ ಮೇಲ್ತುದಿಗೂ ಕೆಳತುದಿಗೂ ಇರುವ ಅಂತರ ಬರೆಯಿರಿ. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನ ಎರಡರ ಸರಾಸರಿ ತೆಗೆದುಕೊಳ್ಳಿ. ಅದು 50 ರೂಪಾಯಿ ಎಂದಿಟ್ಟುಕೊಳ್ಳೋಣ. ನಿಮ್ಮ ಸಪೋರ್ಟ್ ಬೆಲೆಯಿಂದ 30 ರೂಪಾಯಿ ಕೆಳಗಿದ್ದರೆ ವರದಿಯ ಹೊತ್ತಿಗೆ ಅದನ್ನು ಸಪೋರ್ಟ್ ಎಂದು ಎಣಿಸಬೇಡಿ, ಅದು ಸಾಮಾನ್ಯ ಅಲುಗಾಟದ ಒಳಗೇ ಇದೆ. ಸ್ಟಾಪ್ ಲಾಸ್ 50ಕ್ಕಿಂತ ದೂರ ಇಟ್ಟು ಲಾಟ್ ಕಡಿಮೆ ಮಾಡಿ. 100 ಬ್ಯಾರೆಲ್‌ನ ಬದಲು 10 ಬ್ಯಾರೆಲ್‌ನ ಮಿನಿ ಇದೆ. ಅದೂ ಭಾರ ಎನಿಸಿದರೆ ಆ ಒಂದು ಗಂಟೆ ಪೊಸಿಷನ್ ಇಟ್ಟುಕೊಳ್ಳಬೇಡಿ. ವರದಿಯ ಒಂದು ಗಂಟೆಯ ನಂತರವೂ ಬೆಲೆ ಲೆವೆಲ್‌ನ ಆಚೆಗೇ ನಿಂತಿದ್ದರೆ, ಬ್ರೆಂಟ್ ಕೂಡ ಹಾಗೇ ಹೋಗಿದ್ದರೆ, ಆಗ ಅದು ಒಡೆದಿದೆ ಎನ್ನಬಹುದು.

ಇನ್ನೊಬ್ಬರ ಪ್ರಶ್ನೆ: ‘ಕೆಲವು ಬುಧವಾರ ಏನೂ ಆಗುವುದಿಲ್ಲ, ಗುರುವಾರ ಹೊಡೆಯುತ್ತದೆ. ಯಾಕೆ?’

ಅಮೆರಿಕದಲ್ಲಿ ಸೋಮವಾರ ಸರ್ಕಾರಿ ರಜೆ ಇದ್ದರೆ ವರದಿ ಸಾಮಾನ್ಯವಾಗಿ ಗುರುವಾರಕ್ಕೆ ಹೋಗುತ್ತದೆ, ಸಮಯವೂ ಬದಲಾಗುತ್ತದೆ. ಮೇ ಕೊನೆಯ ಸೋಮವಾರ ಮತ್ತು ಸೆಪ್ಟೆಂಬರ್ ಮೊದಲ ಸೋಮವಾರ ಅಲ್ಲಿ ರಜೆ. ಅಂದರೆ ಬೇಸಿಗೆಯ ಸೀಸನ್ ಶುರುವಾಗುವ ವಾರ ಮತ್ತು ಮುಗಿಯುವ ವಾರ, ಎರಡರಲ್ಲೂ ವರದಿ ತಡ. ಇಐಎ ವೆಬ್‌ಸೈಟಿನಲ್ಲಿ ರಜೆಯ ವಾರಗಳ ಬಿಡುಗಡೆ ದಿನಾಂಕ ಮತ್ತು ಸಮಯ ಮೊದಲೇ ಹಾಕಿರುತ್ತಾರೆ. ಅವನ್ನು ಈಗಲೇ ನಿಮ್ಮ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.